ಬಲಿಪಾಡ್ಯಮಿ ದಿನ ಅಮೆರಿಕ, ಆಸ್ಟ್ರೇಲಿಯಾದವರ ಜೊತೆ ವಿಡಿಯೋ ಕಾಲ್: ಎಷ್ಟು ಗಂಟೆಗೆ ಇಟ್ಟುಕೊಳ್ಳೋದು?

ಹೊಸನಗರದ ಅತ್ತಿಗೆ

ಚೌತಿ ಮುಗೀತು, ಇನ್ನು ದೊಡ್ಡ ಹಬ್ಬದ ಯೋಚನೆ. ನಮ್ಮ ಮನೆ ಹೊಸನಗರದಿಂದ ಸ್ವಲ್ಪ ಒಳಗೆ. ನಾದಿನಿ ಸ್ಯಾನ್ ಹೋಸೆಯಲ್ಲಿದ್ದಾಳೆ, ಮೈದುನ ನ್ಯೂಜೆರ್ಸಿಯಲ್ಲಿ, ದೊಡ್ಡಮಾವನ ಮಗ ಸಿಡ್ನಿಯಲ್ಲಿ. ಅತ್ತೆಗೆ ವಯಸ್ಸಾಯ್ತು. ಗೋಪೂಜೆ ಹೊತ್ತಿಗೆ ಮಕ್ಕಳು ಮೊಮ್ಮಕ್ಕಳೆಲ್ಲ ಒಂದೇ ಸಲ ಕಾಣಬೇಕು ಅನ್ನೋದು ಅವರ ಆಸೆ.

ಕಳೆದ ವರ್ಷ ಅಕ್ಟೋಬರ್ 22ರ ಬುಧವಾರ ಬೆಳಿಗ್ಗೆ 8.30ಕ್ಕೆ ಕಾಲ್ ಮಾಡಿದ್ವಿ. ಸ್ಯಾನ್ ಹೋಸೆಯಲ್ಲಿ ಮಂಗಳವಾರ ರಾತ್ರಿ 8. ಚೆನ್ನಾಗಿ ಹೊಂದಿತ್ತು. ಈ ವರ್ಷ ನವೆಂಬರ್ 10ಕ್ಕೆ ಬಲಿಪಾಡ್ಯಮಿ. ನಾದಿನಿ ಈಗಲೇ ಕ್ಯಾಲೆಂಡರ್‌ನಲ್ಲಿ "ಅದೇ ರಾತ್ರಿ 8" ಅಂತ ಹಾಕಿ ಎಲ್ಲರಿಗೂ ಕಳಿಸಿದ್ದಾಳೆ. ನನ್ನ ಫೋನಿನಲ್ಲಿ ಅದು ಬೆಳಿಗ್ಗೆ 9.30 ಅಂತ ತೋರಿಸುತ್ತಿದೆ. 9.30ಕ್ಕೆ ನಮ್ಮಲ್ಲಿ ದನ ಬಿಟ್ಟು ಆಗಿರುತ್ತೆ, ಇನ್ನೇನು ನೋಡ್ತಾರೆ, ಖಾಲಿ ಕೊಟ್ಟಿಗೆನಾ?

ಇನ್ನೊಂದು ತಲೆನೋವು. ನಾದಿನಿಯ ಊರಿನ ದೇವಸ್ಥಾನದ ಕ್ಯಾಲೆಂಡರ್‌ನಲ್ಲಿ ಬಲಿಪಾಡ್ಯಮಿ 9ನೇ ತಾರೀಕು ಸೋಮವಾರ ಅಂತಿದೆಯಂತೆ. ಅತ್ತೆ "ಒಂದು ದಿನ ಮೊದಲೇ ಹಬ್ಬ ಮಾಡಿ ಮುಗಿಸ್ತಾರಾ, ಅದೆಂಥ ಹಬ್ಬ" ಅಂತ ಮುಖ ಸಣ್ಣ ಮಾಡಿಕೊಂಡಿದ್ದಾರೆ. ತಿಳಿದವರು ಹೇಳಿ.

ಬಿ.ಎಚ್. ರೋಡ್ ಹುಡ್ಗ

ನಿಮ್ಮ ಫೋನೇ ತಪ್ಪು ಅತ್ತಿಗೆ. ಕ್ಯಾಲಿಫೋರ್ನಿಯಾಗೂ ನಮಗೂ ಹನ್ನೆರಡೂವರೆ ಗಂಟೆ. ಅವರ ರಾತ್ರಿ 8 ಅಂದ್ರೆ ನಮ್ಮ ಬೆಳಿಗ್ಗೆ 8, ಮೇಲೆ ಅರ್ಧ ಗಂಟೆ ಸೇರಿಸಿ. ಅಷ್ಟೇ. ನಾನು ದಿನಾ ಅಲ್ಲಿನ ಕ್ಲೈಂಟ್ ಜೊತೆ ಮಾತಾಡ್ತೀನಿ.

ಸೊರಬದ ಶ್ಯಾನುಭೋಗ

ದಿನಾ ಮಾತಾಡುವವರಿಗೆ ನವೆಂಬರ್ ಬಂದಾಗ ಮೀಟಿಂಗ್ ಒಂದು ಗಂಟೆ ತಡ ಆಗೋದು ಗೊತ್ತಾಗಲಿಲ್ವಾ?

ಫೋನ್ ಸರಿಯಾಗೇ ಇದೆ. ಅಮೆರಿಕದವರು ಮಾರ್ಚ್ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದೆ ಹಾಕ್ತಾರೆ, ನವೆಂಬರ್ ಮೊದಲ ಭಾನುವಾರ ವಾಪಸ್ ಹಿಂದೆ ತರ್ತಾರೆ. ಬೇಸಿಗೆ ಲೆಕ್ಕದಲ್ಲಿ ಕ್ಯಾಲಿಫೋರ್ನಿಯಾಗೂ ನಮಗೂ ಹನ್ನೆರಡೂವರೆ ಗಂಟೆ ಅಂತರ, ಚಳಿಗಾಲಕ್ಕೆ ಹದಿಮೂರೂವರೆ. ನ್ಯೂಜೆರ್ಸಿಗೆ ಒಂಬತ್ತೂವರೆ ಇದ್ದದ್ದು ಹತ್ತೂವರೆ ಆಗುತ್ತೆ. ಕಳೆದ ವರ್ಷ ನಿಮ್ಮ ಹಬ್ಬ ಅಕ್ಟೋಬರ್ 22ಕ್ಕೆ ಬಂತು, ಅವರು ಇನ್ನೂ ಗಡಿಯಾರ ಮುಟ್ಟಿರಲಿಲ್ಲ. ಈ ವರ್ಷ ನವೆಂಬರ್ 1ರ ಭಾನುವಾರ ಮುಟ್ತಾರೆ, ಹಬ್ಬ ಆಮೇಲೆ ಬರುತ್ತೆ. ಅದಕ್ಕೇ ಅವರ 8 ನಿಮಗೆ 9.30.

ಮತ್ತೆ ಹಬ್ಬ ಯಾಕೆ ಅಷ್ಟು ಮುಂದೆ ಹೋಯ್ತು? ಈ ವರ್ಷ ಅಧಿಕ ಜ್ಯೇಷ್ಠ ಬಂದಿತ್ತಲ್ಲ. ಹಾಗಾಗಿ ಅದರ ಆಮೇಲೆ ಬರುವ ಚೌತಿ, ನವರಾತ್ರಿ, ದೀಪಾವಳಿ ಎಲ್ಲ ಹದಿನೆಂಟು ಹತ್ತೊಂಬತ್ತು ದಿನ ತಡ. ಮುಂದಿನ ವರ್ಷ 2027ರಲ್ಲಿ ಬಲಿಪಾಡ್ಯಮಿ ಮತ್ತೆ ಅಕ್ಟೋಬರ್ ಕೊನೆಗೆ ಬರುತ್ತೆ, ಆಗ ಮತ್ತೆ ಹನ್ನೆರಡೂವರೆ. ಅಂದರೆ ದೀಪಾವಳಿ ಕಾಲ್‌ಗೆ ಹಿಂದಿನ ವರ್ಷದ ಟೈಮ್ ನೋಡಿ ಇಡೋದೇ ತಪ್ಪು. ಹೆಚ್ಚಿನ ಹಬ್ಬಗಳಿಗೆ ಈ ತೊಂದರೆ ಇಲ್ಲ. ಚೌತಿ ಯಾವಾಗ ಬಂದರೂ ಅವರ ಬೇಸಿಗೆ ಲೆಕ್ಕ, ಸಂಕ್ರಾಂತಿ ಯಾವಾಗಲೂ ಚಳಿಗಾಲದ ಲೆಕ್ಕ. ದೀಪಾವಳಿ ಆ ನವೆಂಬರ್ ಗಡಿ ಮೇಲೇ ಬಂದು ಕೂರೋದು.

ಎಡಿಸನ್ ಮಾಣಿ

ಶ್ಯಾನುಭೋಗರು ಹೇಳಿದ್ದು ನೂರಕ್ಕೆ ನೂರು. 2024ರಲ್ಲಿ ಇನ್ನೂ ಮಜಾ ಆಗಿತ್ತು. ಬಲಿಪಾಡ್ಯಮಿ ನವೆಂಬರ್ 2ರ ಶನಿವಾರ, ಇಲ್ಲಿ ಗಡಿಯಾರ ಹಿಂದೆ ಹೋದದ್ದು 3ರ ಭಾನುವಾರ. ಹಬ್ಬದ ದಿನ ಊರಿನ ಸಂಜೆ ಸರಿಯಾಗಿ ಮಾತಾಡಿದ್ವಿ. "ನಾಳೆನೂ ಇದೇ ಹೊತ್ತಿಗೆ ಮಾಡು, ಅಜ್ಜ ಪೇಟೆಯಿಂದ ಬಂದಿರ್ತಾರೆ" ಅಂದ್ರು ಅಪ್ಪಯ್ಯ. ಮಾರನೆಯ ದಿನ ಅವರು ಒಂದು ಗಂಟೆ ಫೋನ್ ಹಿಡ್ಕೊಂಡು ಕೂತು, ಕೊನೆಗೆ ಅಜ್ಜ ಎದ್ದು ತೋಟಕ್ಕೆ ಹೋದರು.

ಬಿ.ಎಚ್. ರೋಡ್ ಹುಡ್ಗ

ಸರಿ ಸರಿ, ನಮ್ಮ ಕ್ಲೈಂಟ್ ಅರಿಜೋನಾದವನು, ಅದಕ್ಕೇ ನನಗೆ ಗೊತ್ತಾಗಿಲ್ಲ. ಹಾಗಾದ್ರೆ ಸಿಡ್ನಿಯವರಿಗೂ ಈ ವರ್ಷ ಒಂದು ಗಂಟೆ ಹಿಂದೆ ಹಾಕಿ, ಲೆಕ್ಕ ಸರಿಹೋಗುತ್ತೆ.

ಸೊರಬದ ಶ್ಯಾನುಭೋಗ

ಅರಿಜೋನಾ ಆದರೆ ನೀವು ಬಚಾವ್. ಅಲ್ಲಿ ಬಹುಪಾಲು ಕಡೆ ಗಡಿಯಾರ ಮುಟ್ಟೋದೇ ಇಲ್ಲ. ಆದರೆ ಅವರಿಗೂ ನಮಗೂ ವರ್ಷವಿಡೀ ಹನ್ನೆರಡೂವರೆ, ಕ್ಯಾಲಿಫೋರ್ನಿಯಾಗೆ ಅದನ್ನೇ ಹಚ್ಚಬೇಡಿ.

ಸಿಡ್ನಿ ವಿಷಯ ಉಲ್ಟಾ. ಅಲ್ಲಿ ಈಗ ಬೇಸಿಗೆ ಶುರು, ಅಕ್ಟೋಬರ್ ಮೊದಲ ಭಾನುವಾರವೇ ಗಡಿಯಾರ ಮುಂದೆ ಹೋಗಿರುತ್ತೆ. ದೀಪಾವಳಿ ಅಕ್ಟೋಬರ್ ಕೊನೆಗೆ ಬರಲಿ ನವೆಂಬರ್‌ಗೆ ಬರಲಿ, ಸಿಡ್ನಿ ನಮಗಿಂತ ಐದೂವರೆ ಗಂಟೆ ಮುಂದೆ. ಏನೂ ಬದಲಾಗಲ್ಲ. ಬ್ರಿಸ್ಬೇನ್‌ನಲ್ಲಿ ಯಾರಾದರೂ ಇದ್ದರೆ ಅವರು ಮಾತ್ರ ವರ್ಷವಿಡೀ ನಾಲ್ಕೂವರೆ.

ಮಳೆಗಾಲದ ಕಪ್ಪೆ

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳೋದ್ಯಾಕೆ. ಒಂದು ವಾಯ್ಸ್ ಮೆಸೇಜ್ ಕಳಿಸಿ, ಅವರು ಯಾವಾಗ ಬೇಕಾದ್ರೂ ಕೇಳ್ಕೋತಾರೆ.

ಹೊಸನಗರದ ಅತ್ತಿಗೆ

ನಮ್ಮತ್ತೆಗೆ ವಾಯ್ಸ್ ಮೆಸೇಜ್ ಅಂದ್ರೆ ರೇಡಿಯೋ. ಅದರ ಜೊತೆ ಮಾತಾಡಲ್ಲ ಅವರು.

@ಶ್ಯಾನುಭೋಗ ಥ್ಯಾಂಕ್ಸ್ ಅಣ್ಣ, ಈಗ ಅರ್ಥ ಆಯ್ತು. ಹಾಗಾದರೆ ನಾವು ಬೆಳಿಗ್ಗೆ 8ಕ್ಕೆ ಇಟ್ಟರೆ ಅವರಿಗೆಲ್ಲ ಎಷ್ಟಾಗುತ್ತೆ? ಮತ್ತೆ ಆ ಒಂದು ದಿನ ಮುಂಚಿನ ಕಥೆ ಏನು?

ಸೊರಬದ ಶ್ಯಾನುಭೋಗ

ನಿಮ್ಮ ಮಂಗಳವಾರ ಬೆಳಿಗ್ಗೆ 8 ಅಂದರೆ ಸಿಡ್ನಿಯಲ್ಲಿ ಮಂಗಳವಾರ ಮಧ್ಯಾಹ್ನ 1.30. ನ್ಯೂಜೆರ್ಸಿಯಲ್ಲಿ ಸೋಮವಾರ ರಾತ್ರಿ 9.30. ಸ್ಯಾನ್ ಹೋಸೆಯಲ್ಲಿ ಸೋಮವಾರ ಸಂಜೆ 6.30. ಸಣ್ಣ ಮಕ್ಕಳಿದ್ದರೆ ನ್ಯೂಜೆರ್ಸಿಯವರಿಗೆ ಸ್ವಲ್ಪ ಕಷ್ಟ, ಉಳಿದವರಿಗೆ ಪರವಾಗಿಲ್ಲ.

ತಿಥಿ ವಿಷಯ ಪಂಚಾಂಗ ನೋಡುವವರು ಹೇಳಲಿ. ನನಗೆ ಗಡಿಯಾರ ಮಾತ್ರ ಗೊತ್ತು.

ಅಗ್ರಹಾರದ ಭಟ್ಟರು

ನಿಮ್ಮ ಅತ್ತೆಗೆ ಹೇಳಿ, ಅವರು ಒಂದು ದಿನ ಮೊದಲು ಮಾಡ್ತಿಲ್ಲ.

ಸೂರ್ಯೋದಯಕ್ಕೆ ಯಾವ ತಿಥಿ ಇರುತ್ತೋ ಅದು ಆ ದಿನದ ತಿಥಿ. ಬಲಿಪೂಜೆ ಗೋಪೂಜೆಗೆ ನಮ್ಮ ಕಡೆ ಹಾಗೇ ಹಿಡಿಯೋದು. ಈ ಸಲ ಅಮಾವಾಸ್ಯೆ ಮುಗಿಯೋದು ನಮ್ಮ ಸೋಮವಾರ, 9ನೇ ತಾರೀಕು ಮಧ್ಯಾಹ್ನ ಹನ್ನೆರಡೂವರೆ ಹೊತ್ತಿಗೆ. ಆ ಬೆಳಿಗ್ಗೆ ಸೂರ್ಯ ಹುಟ್ಟುವಾಗ ನಮಗೆ ಇನ್ನೂ ಅಮಾವಾಸ್ಯೆ. ಹಾಗಾಗಿ ಪಾಡ್ಯಮಿ ಮಾರನೆಯ ದಿನ, ಮಂಗಳವಾರ.

ಈಗ ಅದೇ ಕ್ಷಣ ಸ್ಯಾನ್ ಹೋಸೆಯಲ್ಲಿ ನೋಡಿ. ನಮ್ಮ ಸೋಮವಾರ ಮಧ್ಯಾಹ್ನ ಹನ್ನೆರಡೂವರೆ ಅಂದರೆ ಅವರ ಭಾನುವಾರ ರಾತ್ರಿ ಹನ್ನೊಂದು. ಅಮಾವಾಸ್ಯೆ ಅಲ್ಲಿ ರಾತ್ರಿಯೇ ಮುಗೀತು. ಸೋಮವಾರ ಬೆಳಗಾಗುವಾಗ ಅವರಿಗೆ ಪಾಡ್ಯಮಿ ಬಂದಾಗಿದೆ. ಅವರ ಸೋಮವಾರದ ಪಾಡ್ಯಮಿ, ನಮ್ಮ ಮಂಗಳವಾರದ ಪಾಡ್ಯಮಿ ಎರಡೂ ಒಂದೇ ತಿಥಿ. ತಾರೀಕು ಮಾತ್ರ ಬೇರೆ.

ಈಗ ನಿಮ್ಮ ಕಾಲ್ ನೋಡಿ. ನಿಮ್ಮ ಮಂಗಳವಾರ ಬೆಳಿಗ್ಗೆ 8, ಅವರ ಸೋಮವಾರ ಸಂಜೆ 6.30. ಎರಡು ಕಡೆಯೂ ಬಲಿಪಾಡ್ಯಮಿಯೇ ನಡೀತಿದೆ. ನೀವು ಗೋಪೂಜೆ ಮಾಡ್ತಿರ್ತೀರಿ, ಅವರು ದೀಪ ಹಚ್ಚಿರ್ತಾರೆ. ಸಿಡ್ನಿಯವರಿಗೆ ನಮ್ಮ ಹಾಗೇ ಮಂಗಳವಾರ.

ತವರು ತೀರ್ಥಹಳ್ಳಿ

ಭಟ್ಟರೇ, ನಮ್ಮ ಮನೇಲಿ ಇದೇ ಜಗಳ. ಅಮ್ಮ "ಊರಿನ ಪಂಚಾಂಗವೇ ಪಂಚಾಂಗ, ಇಲ್ಲಿ ಯಾವತ್ತು ಮಾಡ್ತೀವೋ ಆ ತಾರೀಕಿಗೇ ಮಾಡು" ಅಂತಾರೆ. ಡಲ್ಲಾಸ್‌ನ ತಂಗಿ ಅಲ್ಲಿನ ದೇವಸ್ಥಾನದ ಪಟ್ಟಿ ನೋಡ್ತಾಳೆ. ಯಾರದ್ದು ಸರಿ?

ಅಗ್ರಹಾರದ ಭಟ್ಟರು

ಇದ್ದ ಊರಿನ ಸೂರ್ಯೋದಯ ಹಿಡಿಯಬೇಕು ಅನ್ನೋದು ನನ್ನ ಅಭಿಪ್ರಾಯ. ಸಂಕಲ್ಪದಲ್ಲೇ ದೇಶ ಕಾಲ ಹೇಳ್ತೀವಲ್ಲ. ನಿಮ್ಮ ಅಮ್ಮನ ಮಾತಿನಂತೆ ಅಲ್ಲಿ 10ಕ್ಕೆ ಮಾಡಿದರೆ, ಆ ಬೆಳಿಗ್ಗೆ ಅವರಿಗೆ ಬಿದಿಗೆ.

ಕಳಸದ ಕಾಫಿ

ಒಪ್ಪಲ್ಲ ಭಟ್ಟರೇ. ಮನೆತನದ ಹಬ್ಬ ಮನೆ ಜೊತೆ ನಡೀಬೇಕು. ನಮ್ಮ ಚಿಕ್ಕಪ್ಪ ಮಸ್ಕತ್‌ನಲ್ಲಿದ್ದಾಗಿನಿಂದಲೂ ಊರಿನ ದಿನವೇ ಮಾಡ್ತಾರೆ.

ಅಗ್ರಹಾರದ ಭಟ್ಟರು

ಮಸ್ಕತ್ ನಮಗಿಂತ ಒಂದೂವರೆ ಗಂಟೆ ಹಿಂದೆ ಅಷ್ಟೇ ಮಾರಾಯ್ರೇ. ಅಲ್ಲಿ ಹೆಚ್ಚಿನ ಸಲ ಎರಡೂ ಒಂದೇ ದಿನ ಬೀಳುತ್ತೆ. ಹದಿಮೂರು ಗಂಟೆ ದೂರದವರ ಕಷ್ಟ ಅವರಿಗೆ ಬಂದಿಲ್ಲ.

ಕಳಸದ ಕಾಫಿ

ಆದರೂ.

ಶಿವಮೊಗ್ಗ ಪಾರ್ಸೆಲ್

ಇದೇ ವಿಷಯಕ್ಕೆ ಸಂಬಂಧಪಟ್ಟು, ಅಮೆರಿಕಕ್ಕೆ ಹೋಳಿಗೆ ಕಳಿಸಿದರೆ ಎಷ್ಟು ದಿನಕ್ಕೆ ತಲುಪುತ್ತೆ? ಕಾಯಿ ಹೋಳಿಗೆ ಕೆಡುತ್ತಾ?

ಎಡಿಸನ್ ಮಾಣಿ

ಇದೇ ವಿಷಯಕ್ಕೆ ಸಂಬಂಧಪಟ್ಟಿಲ್ಲ ಅಣ್ಣ. ಕಾಯಿ ಹೋಳಿಗೆ ದಾರಿಯಲ್ಲೇ ಹಳಸುತ್ತೆ. ಕಜ್ಜಾಯ ತಡಿಯುತ್ತೆ. ನನ್ನ ವಿಳಾಸ ಬೇಕಿದ್ರೆ ಕೊಡ್ತೀನಿ 😄

ಅಂಟಿಗೆ ಪಿಂಟಿಗೆ ತಂಡ

ನಾನು ಸಾಗರದ ಕಡೆಯವನು. ಹಬ್ಬದ ರಾತ್ರಿಗಳಲ್ಲಿ ದೀಪ ಹಿಡಿದು ಹಾಡಲು ಹೋಗುವವರಲ್ಲಿ ಒಬ್ಬ. ಬೆಳಗಿನ ಕಾಲ್ ಬಗ್ಗೆಯೇ ಎಲ್ಲರೂ ಹೇಳ್ತಿದ್ದೀರಿ. ಆದರೆ ಅಮೆರಿಕದವರಿಗೆ ನಿಜವಾಗಿ ಹೊಂದೋದು ನಮ್ಮ ಹೊತ್ತು. ನಾವು ಒಂದು ಮನೆ ಬಾಗಿಲಿಗೆ ರಾತ್ರಿ 11ಕ್ಕೆ ಬಂದರೆ ಸ್ಯಾನ್ ಹೋಸೆಯಲ್ಲಿ ಅದೇ ದಿನ ಬೆಳಿಗ್ಗೆ 9.30, ನ್ಯೂಜೆರ್ಸಿಯಲ್ಲಿ ಮಧ್ಯಾಹ್ನ 12.30. ನಿದ್ದೆಗೆಡೋದು ಸಿಡ್ನಿಯವರು ಮಾತ್ರ, ಅವರಿಗೆ ಬೆಳಗಿನ ಜಾವ 4.30.

ಆದರೆ ಒಂದು ಮಾತು. ನಮ್ಮನ್ನು ಕಾಯಿಸಬೇಡಿ. ಹಚ್ಚಿದ ದೀಪ ಆರದ ಹಾಗೆ ಊರೂರು ಸುತ್ತಬೇಕು, ಬೆಳಗಾಗೋದರೊಳಗೆ ಇನ್ನೂ ಎಷ್ಟೋ ಮನೆ ಇರುತ್ತೆ. ಒಂದು ಮನೆಯಲ್ಲಿ "ಇರಿ ಇರಿ, ಮಗಳು ಇನ್ನೂ ಕಾಲ್‌ಗೆ ಬಂದಿಲ್ಲ" ಅಂತ ಜಗಲಿಯಲ್ಲೇ ನಿಲ್ಲಿಸಿದ್ರು. ಬಂದ ಮೇಲೆ ಫೋನ್ ಹಿಡಿದವರು ಟಾರ್ಚ್ ಹಾಕಿ ನಮ್ಮ ಮುಖಕ್ಕೇ ಬಿಟ್ಟರು. ದೀಪದ ಬೆಳಕು ಅಲ್ಲೇ ಸತ್ತುಹೋಯ್ತು. ಮನೆಯಾಕೆ ದೀಪಕ್ಕೆ ಎಣ್ಣೆ ಎರೆದು, ನಮ್ಮ ದೀಪದಿಂದ ತಮ್ಮ ದೀಪ ಹಚ್ಚಿಕೊಳ್ಳೋದು, ಅದನ್ನು ನೋಡಬೇಕಿರೋದು. ಫೋನ್ ಆಕೆಯ ಕೈ ಹತ್ತಿರ ಇರಲಿ, ಟಾರ್ಚ್ ಬೇಡ.

ತವರು ತೀರ್ಥಹಳ್ಳಿ

ಹಾಡು ಕೇಳಿಸೋದೇ ಇಲ್ಲ ಅಣ್ಣ! ನಮ್ಮ ತಂಗಿ "ಬಾಯಿ ಮಾತ್ರ ಆಡ್ತಿದೆ, ದನಿ ಕಟ್ ಕಟ್ ಆಗ್ತಿದೆ" ಅಂತಾಳೆ. ನೆಟ್‌ವರ್ಕ್ ಸರಿ ಇದ್ದಾಗಲೂ ಹಾಗೇ. ಗೋಪೂಜೆಯಲ್ಲಿ ಜಾಗಟೆ ಬಡಿದರೂ ಅವಳಿಗೆ ಕೇಳಿಸಲ್ಲ.

ಟವರ್ ಕೆಳಗಿನ ಮನೆ

ಅದು ನೆಟ್‌ವರ್ಕ್ ಅಲ್ಲ. ಕಾಲ್ ಆ್ಯಪ್‌ಗಳು ಮಾತಿನ ದನಿ ಉಳಿಸಿ ಉಳಿದದ್ದೆಲ್ಲ ಗಲಾಟೆ ಅಂತ ತೆಗೆದುಹಾಕ್ತವೆ. ಜಾಗಟೆ, ಗಂಟೆ, ಎಳೆದು ಹಾಡೋ ಹಾಡು ಅವಕ್ಕೆ ಗಲಾಟೆಯೇ. ಮಾತು ಸ್ಪಷ್ಟ, ಜಾಗಟೆ ಮಾತ್ರ ಮಾಯ ಅಂತಾದರೆ ಇದೇ ಕಾರಣ. ಮಾತೂ ಒಡೆದು, ಚಿತ್ರವೂ ನಿಂತು ಹೋದರೆ ಆಗ ನೆಟ್‌ವರ್ಕ್.

ಝೂಮ್‌ನಲ್ಲಿ ಸೆಟ್ಟಿಂಗ್ಸ್ ಒಳಗೆ ಹುಡುಕಿದರೆ `Original sound for musicians` ಅಂತ ಇದೆ. ಹಾಡುವ ಕಡೆಯ ಫೋನಿನಲ್ಲಿ ಅದನ್ನು ಆನ್ ಮಾಡಬೇಕು, ಕೇಳುವವರ ಕಡೆ ಅಲ್ಲ. ಝೂಮ್ ದುಡ್ಡು ಕೊಡದೆ ಬಳಸಿದರೆ 40 ನಿಮಿಷಕ್ಕೆ ಕಟ್ ಆಗುತ್ತೆ, ಪೂಜೆ ಶುರುವಾದ ಮೇಲೇ ಕಾಲ್ ಶುರು ಮಾಡಿ. ಇಲ್ಲದಿದ್ರೆ ಸುಲಭದ ದಾರಿ: ಹಾಡನ್ನು ಇನ್ನೊಂದು ಫೋನಿನಲ್ಲಿ ರೆಕಾರ್ಡ್ ಮಾಡಿ ಆಮೇಲೆ ಕಳಿಸಿ. ಕಾಲ್‌ನಲ್ಲಿ ನೋಡಲಿ, ರೆಕಾರ್ಡಿಂಗ್‌ನಲ್ಲಿ ಕೇಳಲಿ.

ಇನ್ನೊಂದು, ಒಂದೇ ಜಾಗದಲ್ಲಿ ಎರಡು ಫೋನಿಂದ ಅದೇ ಕಾಲ್‌ಗೆ ಸೇರಬೇಡಿ. ಅಜ್ಜಿ ಫೋನ್ ಒಳಗೆ, ನಿಮ್ಮದು ಕೊಟ್ಟಿಗೆಯಲ್ಲಿ ಆದರೆ ಸರಿ. ಎರಡೂ ಜಗಲಿ ಮೇಲೆ ಬಂದರೆ ಕುಂಯ್ ಅಂತ ಕೂಗುತ್ತೆ, ಆಗ ಒಂದರ ಮೈಕೂ ಸ್ಪೀಕರೂ ಎರಡೂ ಬಂದ್ ಮಾಡಬೇಕು. ಮೈಕ್ ಒಂದೇ ಬಂದ್ ಮಾಡಿದರೆ ಸಾಲದು.

ಹೊಸನಗರದ ಅತ್ತಿಗೆ

ನಮ್ಮಲ್ಲಿ ಕರೆಂಟ್ ಹೋದ ಕೂಡಲೇ ವೈಫೈ ಸತ್ತೋಗುತ್ತೆ. ಟವರ್ ಸಿಗ್ನಲ್ ಬೇಕಾದ್ರೆ ಗುಡ್ಡ ಹತ್ತಬೇಕು. ದನ ಗುಡ್ಡಕ್ಕೆ ಹೊಡ್ಕೊಂಡು ಹೋಗಿ ಪೂಜೆ ಮಾಡೋಕಾಗುತ್ತಾ 😀

ಟವರ್ ಕೆಳಗಿನ ಮನೆ

ಫೈಬರ್ ಪೆಟ್ಟಿಗೆ ಹೆಚ್ಚಾಗಿ 12 ವೋಲ್ಟಿನದು, ಅಡಾಪ್ಟರ್ ಮೇಲೆ ಬರೆದಿರುತ್ತೆ ನೋಡಿ. ರೂಟರ್‌ಗೆ ಅಂತಲೇ ಸಣ್ಣ ಯುಪಿಎಸ್ ಸಿಗುತ್ತೆ ಅಂಗಡಿಯಲ್ಲಿ, ಕಾಲ್ ಮುಗಿಯೋವರೆಗೆ ಸಾಕು. ಆದರೆ ಹಬ್ಬದ ದಿನ ಹೊಸದು ತಂದು ಸಿಕ್ಕಿಸಬೇಡಿ. ಹಿಂದಿನ ದಿನವೇ ಮೇನ್ ಸ್ವಿಚ್ ಆಫ್ ಮಾಡಿ ವೈಫೈ ನಿಲ್ಲುತ್ತಾ ಅಂತ ನೋಡಿ. ಮತ್ತೆ ಕೊಟ್ಟಿಗೆವರೆಗೆ ವೈಫೈ ಬರುತ್ತಾ ಅದನ್ನೂ ನೋಡಿ. ಮಣ್ಣಿನ ಗೋಡೆ ದಪ್ಪ ಇದ್ದರೆ ಎರಡು ಗೋಡೆ ದಾಟೋದು ಕಷ್ಟ.

ಸಿಗಂದೂರು ದಾರಿ

ಟೈಮ್, ಟವರ್ ಎಲ್ಲ ಆಯ್ತು. ಕ್ರಮದ ಬಗ್ಗೆ ಯಾರೂ ಹೇಳಲಿಲ್ಲ. ಹೋದ ವರ್ಷ ನಮ್ಮ ಮನೆಯ ಹೊಸ ಅಳಿಯ ಜರ್ಮನಿಯಲ್ಲಿದ್ದ, ಮದುವೆಯಾದ ಮೇಲೆ ಮೊದಲ ದೀಪಾವಳಿ. ನಮ್ಮಣ್ಣ ಗ್ರೂಪ್ ಕಾಲ್‌ಗೆ ಸೇರಿಸಿ "ಹ್ಯಾಪಿ ದೀಪಾವಳಿ ಅಳಿಯಂದ್ರೇ" ಅಂದ. ಮುಗೀತು. ಬೀಗರಿಗೆ ಅದು ಕಿರಿಕಿರಿ ಆಗಿದ್ದು ನಮಗೆ ತಿಂಗಳ ಮೇಲೆ ಗೊತ್ತಾಯ್ತು. ಅವರ ಪ್ರಶ್ನೆ ನ್ಯಾಯವೇ: ಊರಲ್ಲಿದ್ದಿದ್ರೆ ಹಬ್ಬಕ್ಕೆ ಮೊದಲೇ ಹೋಗಿ ಕರೀತಿದ್ರಿ, ದೂರ ಇದ್ದಾನೆ ಅಂತ ಕರೆಯೋದು ಬಿಡ್ತೀರಾ?

ಈಗ ನಮ್ಮಲ್ಲಿ ಹೀಗೆ ಮಾಡ್ತೀವಿ. ಹಬ್ಬಕ್ಕೆ ವಾರ ಮೊದಲು ಅಳಿಯನಿಗೆ ಬೇರೆಯಾಗಿ ಫೋನ್, ಅವನ ಅಪ್ಪ ಅಮ್ಮನಿಗೆ ಬೇರೆ ಫೋನ್, ಕರೆಯೋದು ಮನೆ ಹಿರಿಯರೇ. "ಬರೋಕಾಗಲ್ಲ ಗೊತ್ತು, ಆದರೂ ಕರೀಬೇಕು, ಪಂಚೆ ಶಲ್ಯ ಎತ್ತಿಟ್ಟಿರ್ತೀವಿ" ಅಂತ ಹೇಳೋದು. ಹಬ್ಬದ ದಿನ ಗ್ರೂಪ್ ಕಾಲ್.

ತವರು ತೀರ್ಥಹಳ್ಳಿ

ಹೌದೌದು. ಮತ್ತೆ ಗ್ರೂಪ್ ಕಾಲ್‌ನಲ್ಲಿ ಯಾರಾದರೂ ಸೂತಕದಲ್ಲಿದ್ದರೆ? ನಮ್ಮ ದೊಡ್ಡಪ್ಪ ತೀರಿಕೊಂಡ ವರ್ಷ ಅವರ ಮಗ ಲಂಡನ್‌ನಿಂದ ಸೇರಿದ್ದ. ಒಬ್ಬೊಬ್ಬರೂ ಶುಭಾಶಯ ಹೇಳ್ತಾ ಹೋದರು, ಅವನು ಸುಮ್ನೆ ತಲೆ ಆಡಿಸ್ತಾ ಕೂತಿದ್ದ. ನೋಡೋಕಾಗಲಿಲ್ಲ.

ಸಿಗಂದೂರು ದಾರಿ

ಹಬ್ಬ ಇಲ್ಲದ ಮನೆಯವರಿಗೆ ಶುಭಾಶಯ ಹೇಳಲ್ಲ ನಾವು. "ಹುಷಾರಾಗಿದ್ದೀಯಾ, ಊಟ ಆಯ್ತಾ" ಅಷ್ಟೇ. ಅವರನ್ನು ಗ್ರೂಪ್‌ಗೆ ಕರೆಯೋಕೆ ಮೊದಲು ಕೇಳೋದು ಒಳ್ಳೇದು. ಕೆಲವರಿಗೆ ಎಲ್ಲರ ಮುಖ ನೋಡಬೇಕು ಅನ್ನಿಸುತ್ತೆ, ಕೆಲವರಿಗೆ ಬೇಡ.

ಕಳಸದ ಕಾಫಿ

ಕರೆಯದೇ ಬಿಟ್ಟರೆ "ನಮ್ಮನ್ನು ದೂರ ಇಟ್ಟರು" ಅಂತಾರೆ. ಕರೆದರೆ ಹೀಗೆ. ಇದಕ್ಕೆ ಯಾವ ಲೆಕ್ಕವೂ ಇಲ್ಲ.

ಎಡಿಸನ್ ಮಾಣಿ

ಹೊರಗಿರುವವರ ಕಡೆಯಿಂದ ಒಂದು ಮಾತು. ಕಾಲ್‌ನಲ್ಲಿ ಎಲ್ಲರೂ ಒಟ್ಟಿಗೆ ಮಾತಾಡಿದ್ರೆ ನಮಗೆ ಯಾರ ದನಿಯೂ ಸಿಗಲ್ಲ. ನಮ್ಮ ಮನೇಲಿ ಹಿರಿಯರಿಂದ ಶುರು. ಅಜ್ಜಿ ಮುಂದೆ ಫೋನ್ ನಿಲ್ಲಿಸ್ತಾರೆ, ನಾವು ಇಲ್ಲಿಂದ ಒಬ್ಬೊಬ್ಬರೇ ನಮಸ್ಕಾರ ಮಾಡ್ತೀವಿ, ಅಜ್ಜಿ ಫೋನ್ ಮೇಲೇ ಅಕ್ಷತೆ ಹಾಕ್ತಾರೆ. ಆಮೇಲೆ ಕೊಟ್ಟಿಗೆ. ಗೌರಿ ಮೈಮೇಲೆ ಕೆಮ್ಮಣ್ಣಿನ ಮುದ್ರೆ, ಕೊರಳಲ್ಲಿ ಚೆಂಡುಹೂವು, ಅಡಿಕೆ, ಪಚ್ಚೆತೆನೆ ಸರ. ಗೋಗ್ರಾಸಕ್ಕೆ ಹೋಳಿಗೆ ಕೊಡೋದು, ಆಮೇಲೆ ಜಾಗಟೆ ಬಡಿದು ಹಗ್ಗ ಬಿಚ್ಚೋದು. ಇಲ್ಲಿನ ಮಕ್ಕಳು ಕಾಯೋದು ಆ ಬಿಡೋ ಕ್ಷಣಕ್ಕೆ. ಆ ಹೊತ್ತಿಗೆ ಸರಿಯಾಗಿ ಯಾರಾದರೂ ಫೋನ್ ಕೆಳಗೆ ಇಟ್ಟು ದನ ಹಿಡಿಯೋಕೆ ಓಡ್ತಾರೆ, ನಮಗೆ ಕಾಣೋದು ಹೆಂಚು.

ಬಿ.ಎಚ್. ರೋಡ್ ಹುಡ್ಗ

ಹೆಂಚು 😂 ಫೋನ್ ಹಿಡಿಯೋಕೆ ಅಂತ ಒಬ್ಬರನ್ನ ಬೇರೆ ಇಡಿ, ಅವರಿಗೆ ದನದ ಕೆಲಸ ಕೊಡಬೇಡಿ.

ಹೊಸನಗರದ ಅತ್ತಿಗೆ

ಎಲ್ಲ ಓದಿದೆ. ನಾದಿನಿಗೆ ಫೋನ್ ಮಾಡಿ ಹೇಳಿದೆ. ಊರಿನ ಟೈಮ್‌ನಲ್ಲೇ ಹಾಕು, 10ನೇ ತಾರೀಕು ಬೆಳಿಗ್ಗೆ 8, ಉಳಿದದ್ದು ಅವರವರ ಫೋನ್ ತಿರುಗಿಸಿಕೊಳ್ಳಲಿ ಅಂತ. ಬದಲಾಯಿಸಿದಳು. ಭಟ್ಟರು ಹೇಳಿದ್ದನ್ನು ಅತ್ತೆಗೂ ಹೇಳಿದೆ. "ಹಾಗಾದ್ರೆ ಸರಿ, ಆದ್ರೆ ಅವಳು ಮಂಗಳವಾರನೂ ಒಂದು ದೀಪ ಹಚ್ಚಲಿ" ಅಂದ್ರು. ಮೈದುನ ಮಾತ್ರ 7.30ಕ್ಕೆ ಮಾಡಿ, ಮಕ್ಕಳು ಮಲಗ್ತಾರೆ ಅಂತಿದ್ದಾನೆ. ಆ ಹೊತ್ತಿಗೆ ನಮ್ಮಲ್ಲಿ ದನ ತೊಳೆದೂ ಆಗಿರಲ್ಲ.

ಸೊರಬದ ಶ್ಯಾನುಭೋಗ

7.30ಕ್ಕೆ ದನ ತೊಳೆಯೋದನ್ನೇ ತೋರಿಸಿ. ಮಕ್ಕಳಿಗೆ ಪೂಜೆಗಿಂತ ಅದೇ ಜಾಸ್ತಿ ಇಷ್ಟ ಆಗುತ್ತೆ.

ಶಿವಮೊಗ್ಗ ಪಾರ್ಸೆಲ್

ಕಜ್ಜಾಯ ಕಳಿಸೋದಾದ್ರೆ ಯಾವಾಗ ಕಳಿಸಬೇಕು ಅಂತ ಯಾರೂ ಹೇಳಲೇ ಇಲ್ಲ.